ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಏಕೆ ಬೇಡ?

ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದ ಮಗುವಿಗೆ ಆಸ್ಪಿರಿನ್ ಕೊಟ್ಟರೆ, ಅಪರೂಪಕ್ಕಾದರೂ ‘ರೈ ಸಿಂಡ್ರೋಮ್’ ಎಂಬ ಪ್ರಾಣಾಪಾಯದ ಕಾಯಿಲೆ ಕಾಣಿಸಿಕೊಳ್ಳಬಹುದು. ಆಸ್ಟ್ರೇಲಿಯಾದ ವೈದ್ಯ ಡಗ್ಲಸ್ ರೈ 1963ರಲ್ಲಿ ಇದನ್ನು ವಿವರಿಸಿದರು. ಯಕೃತ್ತಿನ ಜೀವಕೋಶಗಳು ಕೆಟ್ಟು ರಕ್ತದಲ್ಲಿ ಅಮೋನಿಯಾ ಏರುತ್ತದೆ, ಮಿದುಳು ಊದಿಕೊಳ್ಳುತ್ತದೆ. ಇದು ಮೋಸದ ಕಾಯಿಲೆ: ಜ್ವರ ಇಳಿದು ಮಗು ಚೇತರಿಸಿಕೊಳ್ಳುತ್ತಿದೆ ಎನ್ನುವಾಗಲೇ ಬಿಡದೆ ವಾಂತಿ ಶುರುವಾಗುತ್ತದೆ. ಆಮೇಲೆ ಮಂಪರು, ವಿಪರೀತ ಸಿಡುಕು, ಗೊಂದಲ, ಫಿಟ್ಸ್. ಇವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಮೆರಿಕದಲ್ಲಿ 1980ರ ದಶಕದಲ್ಲಿ ಆಸ್ಪಿರಿನ್ ಬಗ್ಗೆ ಎಚ್ಚರಿಕೆ ಹೊರಬಿದ್ದ ಮೇಲೆ ಈ ಕಾಯಿಲೆ ಬಹುತೇಕ ಮಾಯವಾಯಿತು.

ಜ್ವರಕ್ಕೂ ತಲೆನೋವಿಗೂ ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಸಾಮಾನ್ಯವಾಗಿ ಕಿಲೋಗೆ 15 ಮಿಲಿಗ್ರಾಂ. 12 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 180 ಮಿಲಿಗ್ರಾಂ. ಎಡವುವುದು ಇಲ್ಲೇ. 5 ಮಿಲಿಲೀಟರ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ 7.5 ಮಿಲಿಲೀಟರ್ ಬೇಕು. 250 ಮಿಲಿಗ್ರಾಂನದಾದರೆ 3.6 ಸಾಕು. ಎರಡೂ ಬಾಟಲಿ ನೋಡಲು ಒಂದೇ ಥರ ಇರಬಹುದು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ ಕೊಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ನೇರ ವೈದ್ಯರಲ್ಲಿಗೆ.

ಐಬುಪ್ರೊಫೆನ್ ಇನ್ನೊಂದು ಆಯ್ಕೆ. ಆದರೆ ಡೆಂಗಿ ಶಂಕೆ ಇದ್ದಾಗ ರಕ್ತಸ್ರಾವದ ಭಯದಿಂದ ಅದೂ ಬೇಡ, ಆಸ್ಪಿರಿನ್ನೂ ಬೇಡ. ಕವಾಸಾಕಿಯಂಥ ಕೆಲವು ಕಾಯಿಲೆಗಳಲ್ಲಿ ವೈದ್ಯರೇ ಮಕ್ಕಳಿಗೆ ಆಸ್ಪಿರಿನ್ ಬರೆಯುತ್ತಾರೆ. ಅದನ್ನು ತಾವಾಗಿ ನಿಲ್ಲಿಸಬಾರದು. ದೊಡ್ಡವರ ತಲೆನೋವಿನ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ಮುನ್ನ ಪಟ್ಟಿಯ ಹಿಂಬದಿ ಓದಿ: ‘ಅಸಿಟೈಲ್ ಸ್ಯಾಲಿಸಿಲಿಕ್ ಆ್ಯಸಿಡ್’ ಎಂದಿದ್ದರೆ ಅದು ಆಸ್ಪಿರಿನ್ನೇ.