ಬಿಲ್ ಕೈಸೇರಿದ ಮ್ಯಾಲೆ 'ಕಡಿಮಿ ಮಾಡ್ರಿ' ಅಂದ್ರೆ

ಕೇಳುಗರೊಬ್ಬರು ಕೇಳಿದ್ದರು: ಕೆಲಸ ಮುಗಿದು ಕೊನೆಯ ಬಿಲ್ ಹೋದ ಮೇಲೆ ಗಿರಾಕಿ ದೊಡ್ಡ ರಿಯಾಯಿತಿ ಕೇಳಿದರೆ ಏನಂತ ಉತ್ತರಿಸಬೇಕು? ನನಗಾದದ್ದನ್ನೇ ಹೇಳ್ತೀನಿ.

ವಿಜಯಪುರದಾಗ ನಂದು ಸಣ್ಣ ಡಿಸೈನ್ ಕೆಲಸ. ತಿಕೋಟಾ ಕಡೆಯ ಮಣೂಕ ವ್ಯಾಪಾರಿಯೊಬ್ಬರಿಗೆ ಬಾಕ್ಸು, ಲೇಬಲ್ ಡಿಸೈನ್ ಮಾಡಿದ್ದೆ. ಒಪ್ಪಿದ ದರ 40,000, ಮುಂಗಡ 12,000. ಬಾಕ್ಸ್ ಪ್ರಿಂಟ್ ಆದ ಮೇಲೆ ಉಳಿದ 28,000ಕ್ಕೆ ಬಿಲ್ ಕಳಿಸಿದೆ. ರಾತ್ರಿ ವಾಟ್ಸಾಪ್ ಬಂತು: 'ಮಣೂಕದ ರೇಟ್ ಬಿದ್ದೈತ್ರಿ, 40 ಪರ್ಸೆಂಟ್ ಕಡಿಮಿ ಮಾಡ್ರಿ.'

40 ಪರ್ಸೆಂಟ್ ಅಂದರೆ 16,000. ಬರಬೇಕಾದ 28,000ದಾಗ ಉಳಿಯೋದು ಬರೀ 12,000. ಬಾಕಿ ಹಣದ ಲೆಕ್ಕಕ್ಕೆ ಅರ್ಧಕ್ಕಿಂತ ಹೆಚ್ಚು ಹೋದಂಗಾಯ್ತು. ಇದನ್ನ ಮೊದಲು ಕಾಗದದ ಮೇಲೆ ಬರೆದು ನೋಡ್ರಿ.

ಹಿಂದೊಮ್ಮೆ ಬಬಲೇಶ್ವರದ ಗಿರಾಕಿಗೆ ಮುಲಾಜಿಗೆ ಬಿದ್ದು 'ನೋಡೂಣ್ರಿ' ಅಂದಿದ್ದೆ. ನಮ್ಮ ಕಡೆ ಅದಕ್ಕೆ ಅರ್ಧ ಒಪ್ಪಿಗೆ ಅಂತಲೇ ಅರ್ಥ. ಅವರು ಕಡಿಮೆ ರೊಕ್ಕ ಹಾಕಿ ಸುಮ್ಮನಾದರು. ಹಂಗಾಗಿ ಈ ಸಲ ರಾತ್ರಿ ಉತ್ತರಿಸಲಿಲ್ಲ. ಬೆಳಿಗ್ಗೆ ಹಳೆಯ ಮೆಸೇಜ್‌ನಲ್ಲಿ ಅವರು ದರಕ್ಕೆ 'ಓಕೆ' ಅಂದದ್ದನ್ನು ಹುಡುಕಿ, ಅದರ ಕೆಳಗೇ ಬರೆದೆ:

'ಸಾವ್ಕಾರ್ರ, ನಮಸ್ಕಾರ. 40,000 ಅಂತ ಮೊದಲ ಮಾತಾಗೇತಿ, ಕೆಲಸ ಅಷ್ಟೂ ಮುಗಿದೈತಿ. ಅದಕ್ಕ ದರ ಇಳಸಾಕ ಆಗೂದಿಲ್ರಿ. ಕೆಲಸದಾಗ ಏನರ ತಪ್ಪಿದ್ರ ಹೇಳ್ರಿ, ತಿದ್ದಿ ಕೊಡ್ತೀನಿ. ರೊಕ್ಕದ ಅಡಚಣಿ ಇದ್ರ ಈಗ 14,000, ಮುಂದಿನ ತಿಂಗಳ 10ಕ್ಕ 14,000 ಕೊಡ್ರಿ.'

ಕ್ಷಮೆ ಕೇಳಿಲ್ಲ, ನನ್ನ ಖರ್ಚಿನ ಪಟ್ಟಿ ಕೊಟ್ಟಿಲ್ಲ. ಪಟ್ಟಿ ಕೊಟ್ಟರೆ ಒಂದೊಂದು ಸಾಲಿನ ಮೇಲೂ ಚೌಕಾಸಿ ಶುರುವಾಗ್ತದ. ಕೆಲಸದ ತಪ್ಪೋ ರೊಕ್ಕದ ಅಡಚಣಿಯೋ ಅಂತ ಕೇಳಿದ್ದರಿಂದ ನಿಜ ಹೊರಗೆ ಬಂತು. ತಪ್ಪಿನ ಮಾತೇ ಇರಲಿಲ್ಲ, ಮಾಲು ಇನ್ನೂ ಕೋಲ್ಡ್ ಸ್ಟೋರೇಜ್‌ನಲ್ಲಿತ್ತು. ಎರಡು ಕಂತಿಗೆ ಒಪ್ಪಿದರು. ಎರಡನೇ ಕಂತು ಆರು ದಿನ ತಡವಾಯ್ತು, ಇರಲಿ.

ಕೆಲಸದಲ್ಲಿ ಖರೇನೇ ತಪ್ಪಿದ್ದರೆ ಈ ಉತ್ತರ ನಡೆಯೋದಿಲ್ಲ. ಆಗ ತಪ್ಪಾದ ಭಾಗಕ್ಕಷ್ಟೇ ಕಡಿಮೆ ಮಾಡಿ, ಯಾಕೆ ಅಂತ ಬರೆದು ಕೊಡಬೇಕು.

ಪೂರ್ತಿ ನಿಲ್ಲಿಸಿಬಿಟ್ಟರೆ? ಕೆಲಸಕ್ಕೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ನೆರವಿಗೆ ಬರ್ತದ. ಕೆಲಸ ತಲುಪಿದ 15 ದಿನದೊಳಗೆ ಗಿರಾಕಿ ಲಿಖಿತ ತಕರಾರು ಕೊಡದಿದ್ದರೆ ಒಪ್ಪಿಕೊಂಡಂತೆ. ಬರೆದ ಒಪ್ಪಂದ ಇದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳೋದು ಫೆಸಿಲಿಟೇಶನ್ ಕೌನ್ಸಿಲ್.

ಆದರೆ ಮೊದಲ ಮೆಸೇಜಿನಾಗ ಕಾಯ್ದೆ ಹೆಸರು ಎತ್ತಬ್ಯಾಡ್ರಿ. ನಾಳೆ ಸಿದ್ಧೇಶ್ವರ ಜಾತ್ರ್ಯಾಗ ಅವರೇ ಎದುರು ಸಿಗ್ತಾರ.