ಚೈನು ಹಿಗ್ಗಿದ್ದೆಲ್ಲಿ?

ನವಲಗುಂದ ಕಡೆಯ ಎರೆಮಣ್ಣಿನ ಊರು. ಒಂಬತ್ತನೇ ತರಗತಿಯ ಹುಡುಗ ವಿಜ್ಞಾನದ ಪ್ರಾಜೆಕ್ಟಿಗೆ ವಿಷಯ ಹುಡುಕಿ ಬೇಸತ್ತಿದ್ದ. ಅಷ್ಟರಲ್ಲಿ ಅಪ್ಪನ ಹಳೇ ಸೈಕಲ್ ಕೈಕೊಟ್ಟಿತು. ದಿಬ್ಬದಲ್ಲಿ ಪೆಡಲ್ ಒತ್ತಿದರೆ ಚೈನು ಕಟಕ್ಕನೆ ಜಾರುತ್ತಿತ್ತು.

"ಚೈನ್ ಹಿಗ್ಗೇತಿ ನೋಡಪಾ" ಎಂದ ಅಪ್ಪ.

ಹುಡುಗ ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗಾಲಿ ಹಿಂದಕ್ಕೆಳೆದು ಬಿಗಿದ. ಆದರೂ ಜಾರಿತು. ಕೊನೆಗೆ ಲಾಕ್ ಬಿಚ್ಚಿ ಚೈನು ತೆಗೆದು, ಡೀಸೆಲ್‌ನಲ್ಲಿ ತೊಳೆದು, ಪಕ್ಕದ ಮನೆಯ ಗೌಂಡಿಯ ಟೇಪು ತಂದ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಇಲ್ಲಿ 3 ಮಿಲಿಮೀಟರ್ ಹೆಚ್ಚಿತ್ತು.

ಕಬ್ಬಿಣ ಹಾಗೆ ಹಿಗ್ಗುತ್ತದೆಯೇ? ಒಂದು ಪಟ್ಟಿಯ ತೂತಿನಿಂದ ತೂತಿಗೆ ಅಳೆದ. ಅರ್ಧ ಇಂಚೇ ಇತ್ತು.

ಉತ್ತರ ಸಿಕ್ಕಿದ್ದು ಸೈಕಲ್ ಅಂಗಡಿಯಲ್ಲಿ. ಅಂಗಡಿಯವರು ಒಂದು ಪಿನ್ ಬಡಿದು ಹೊರತೆಗೆದುಕೊಟ್ಟರು. ಉಗುರಿನಿಂದ ಸವರಿದರೆ ಒಂದು ಬದಿಯಲ್ಲಿ ಸಣ್ಣ ಮೆಟ್ಟಿಲಿನಂಥ ತಗ್ಗು. ಪಿನ್ನು ಮತ್ತು ಅದು ತಿರುಗುವ ಬುಶ್ ಎರಡೂ ಸವೆದಿದ್ದವು. 3 ಮಿಲಿಮೀಟರನ್ನು 24 ಕೊಂಡಿಗೆ ಹಂಚಿದರೆ ಒಂದೊಂದರ ಪಾಲು 0.125 ಮಿಲಿಮೀಟರ್, ನೋಟ್‌ಬುಕ್ ಹಾಳೆಯ ದಪ್ಪಕ್ಕಿಂತ ತುಸು ಹೆಚ್ಚು. ಅಷ್ಟು ಸಾಕು, ರೋಲರ್‌ಗಳು ಹಲ್ಲಿನ ಬುಡದಲ್ಲಿ ಕೂರದೆ ಮೇಲೇರಿ ಜಾರುತ್ತವೆ.

ಹುಡುಗ ಹೊಸ ಚೈನು ಹಾಕಿದ. ಅದೂ ಜಾರಿತು! "ಫ್ರೀವೀಲಿನ ಹಲ್ಲು ಸವದಾವು ತಮ್ಮಾ, ಚೈನ್ ಒಂದ ಬದಲಿ ಮಾಡಿದ್ರ ನಿಲ್ಲೂದಿಲ್ಲ" ಎಂದರು ಅಂಗಡಿಯವರು. ಸವೆದ ಚೈನಿನ ಜೊತೆ ತಿರುಗಿ ಹಲ್ಲುಗಳೂ ಕೊಕ್ಕೆಯಂತೆ ಬಾಗಿದ್ದವು.

ಡಬ್ಬಿಯ ತಳದಲ್ಲಿ, ತೊಳೆದ ಡೀಸೆಲ್ ಕೆಳಗೆ, ಕಪ್ಪು ಗಸಿ ಕೂತಿತ್ತು. ಬೆರಳಿಗೆ ತಿಕ್ಕಿದರೆ ಮರಳು ಸಿಕ್ಕಿತು. ಅಪ್ಪ ವಾರಕ್ಕೊಮ್ಮೆ ತಪ್ಪದೆ ಎಣ್ಣೆ ಬಿಡುತ್ತಿದ್ದ, ಧೂಳಿನ ಮೇಲೆಯೇ. ಎಣ್ಣೆಯೊಡನೆ ಕಲೆತ ಮರಳು ಸಾಣೆಯ ಕೆಲಸ ಮಾಡುತ್ತದೆ. ಹಾಗಾದರೆ ಒರೆಸಿ ಎಣ್ಣೆ ಬಿಟ್ಟ ಚೈನು ಎಷ್ಟು ನಿಧಾನ ಸವೆದೀತು? ವಿಷಯ ಸಿಕ್ಕಿತು.

ಅಳೆಯುವುದು ಸುಲಭವಲ್ಲ. ಟೇಪಿನಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ಕಾಣದು. 24 ಕೊಂಡಿಯಲ್ಲಿ ವಾರದ ಸವೆತ ತಿಳಿಯುವುದೇ ಇಲ್ಲ. ಅದಕ್ಕೇ ಹುಡುಗ 96 ಕೊಂಡಿ ಅಳೆಯಲು ನಿರ್ಧರಿಸಿದ. ಆಗ ಅದೇ ಒಂದು ಮಿಲಿಮೀಟರಿನ ತಪ್ಪು ನಾಲ್ಕು ಪಟ್ಟು ಉದ್ದಕ್ಕೆ ಹಂಚಿಹೋಗುತ್ತದೆ. ಅಪ್ಪನದೂ ಚಿಕ್ಕಪ್ಪನದೂ ಒಂದೇ ಬಗೆಯ ಸೈಕಲ್. ಎರಡಕ್ಕೂ ಹೊಸ ಚೈನು, ಹೊಸ ಫ್ರೀವೀಲ್. ಒಂದು ಚೈನಿಗೆ ಒರೆಸಿ ಎಣ್ಣೆ, ಇನ್ನೊಂದಕ್ಕೆ ಧೂಳಿನ ಮೇಲೆಯೇ. ಆದರೆ ಚಿಕ್ಕಪ್ಪ ಹಾಲಿನ ಕ್ಯಾನು ಹೊರುತ್ತಾನೆ, ಅವನ ಚೈನಿಗೆ ಭಾರ ಜಾಸ್ತಿ. ಎರಡು ತಿಂಗಳಾದ ಮೇಲೆ ಚೈನುಗಳನ್ನು ಅದಲುಬದಲು ಮಾಡಬೇಕು, ಎಣ್ಣೆಯ ಕ್ರಮ ಮಾತ್ರ ಆಯಾ ಚೈನಿನ ಜೊತೆಗೇ ಹೋಗಬೇಕು.

ಮೊದಲ ದಿನ ಹೊಸ ಚೈನನ್ನು ಮೊಳೆಗೆ ತೂಗುಬಿಟ್ಟು, ಕೆಳಗೆ 5 ಕಿಲೋ ಜೋಳದ ಚೀಲ ಕಟ್ಟಿದ. ಅಪ್ಪ ಟೇಪಿನ ಮೇಲ್ತುದಿ ಹಿಡಿದ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖಿನ ಪಕ್ಕ ಹುಡುಗ ಬರೆದ: 1219 ಮಿಲಿಮೀಟರ್.