ಮಳೆಯ ಗೆರೆ, ಕೊಡೆಯ ಕೋಲು

ಜೋರು ಮಳೆಯಲ್ಲಿ ಅಂಗಳದ ಕಡೆಗೆ ಮುಖ ಮಾಡಿಟ್ಟ ಕ್ಯಾಮೆರಾ ಒಂದಿದೆ ಎಂದುಕೊಳ್ಳಿ. ಎದುರಿಗೆ ಕಲ್ಲಿನ ಪಾಗಾರ, ಅದರ ಮುಂದೆ ಕೊಡೆ ಹಿಡಿದು ಅಡ್ಡಕ್ಕೆ ನಡೆದುಹೋಗುವ ಒಬ್ಬರು. ಆ ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ ಮಳೆ ಅಳಿಸಿದರೆ ಮೊದಲ ನೋಟಕ್ಕೆ ಬೆರಗಾಗುತ್ತದೆ. ಗೆರೆಗಳೆಲ್ಲ ಮಾಯ. ಪಾಗಾರದ ಕಲ್ಲುಗಳ ನಡುವಿನ ಸಂದು, ಅಲ್ಲಿ ಬೆಳೆದ ಪಾಚಿ ಎಲ್ಲವೂ ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. ಆಮೇಲೆ ಕಣ್ಣು ನಡೆಯುವವರ ಮೇಲೆ ಹೋಗುತ್ತದೆ. ಕೊಡೆ ಇದೆ, ಅದರ ಕೋಲಿಲ್ಲ. ತಲೆ ಇದೆ, ಕಣ್ಣಿನ ಜಾಗದಲ್ಲಿ ಬರೀ ಚರ್ಮದ ಬಣ್ಣ. ಕೊಡೆ ಹಿಡಿದ ಕೈಯೂ ಇಲ್ಲ. ಮುಂದಕ್ಕೆ ಎತ್ತಿದ ಕಾಲೂ ಇಲ್ಲ.

ಇದು ಪ್ರೋಗ್ರಾಮಿನ ದೋಷವಲ್ಲ. ಅದು ತನಗೆ ಒಪ್ಪಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಏನು ಮಾಡಿತು ಎಂದು ತಿಳಿಯಲು ಮೊದಲು ಹನಿಯನ್ನೇ ನೋಡಬೇಕು.

ಎರಡು ಮಿಲಿಮೀಟರ್ ದಪ್ಪದ ಮಳೆಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಕ್ಯಾಮೆರಾದ ಶಟರ್ ಒಂದು ಫ್ರೇಮಿಗೆ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ ಅಷ್ಟರಲ್ಲಿ ಹನಿ 13 ಸೆಂಟಿಮೀಟರ್ ಇಳಿದಿರುತ್ತದೆ. ನಮಗೆ ಗೆರೆಯಾಗಿ ಕಾಣುವುದು ಆ ಇಳಿದ ದಾರಿ. ಆ ದಾರಿಯ ಯಾವುದೇ ಒಂದು ಬಿಂದುವಿನ ಮುಂದೆ ಹನಿ ನಿಂತದ್ದು ಮಾತ್ರ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರನೇ ಒಂದರಷ್ಟೂ ಇಲ್ಲ. ಶಟರ್ ತೆರೆದಿದ್ದ ಹೊತ್ತಿನಲ್ಲಿ ಅದು ಸುಮಾರು ಅರವತ್ತೈದನೇ ಒಂದು ಪಾಲು. ಉಳಿದ ಹೊತ್ತೆಲ್ಲ ಕ್ಯಾಮೆರಾ ಹಿಂದಿನ ಗೋಡೆಯನ್ನೇ ನೋಡುತ್ತಿತ್ತು.

ಅಷ್ಟು ಕಡಿಮೆ ಹೊತ್ತಿನಲ್ಲಿ ದಾಟಿಹೋದ ಹನಿ ಕಾಣುವುದಾದರೂ ಹೇಗೆ? ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಷಿತಿಜ್ ಗರ್ಗ್ ಮತ್ತು ಶ್ರೀ ನಾಯರ್ 2004ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದಕ್ಕೆ ಉತ್ತರವಿದೆ. ಹನಿ ಒಂದು ಪುಟ್ಟ ಮಸೂರ. ಸುಮಾರು 165 ಡಿಗ್ರಿ ಹರವಿನ ನೋಟವನ್ನು, ಅಂದರೆ ಆಕಾಶದ ದೊಡ್ಡ ಪಾಲನ್ನೂ ಸೇರಿಸಿ, ಅದು ಬಗ್ಗಿಸಿ ಕ್ಯಾಮೆರಾದ ಕಡೆಗೆ ಕಳಿಸುತ್ತದೆ. ಮೋಡ ಕವಿದ ಆಕಾಶವೂ ಕಲ್ಲಿನ ಗೋಡೆಗಿಂತ ಎಷ್ಟೋ ಬೆಳಕಾಗಿರುತ್ತದೆ. ಹಾಗಾಗಿ ಕ್ಷಣಮಾತ್ರದ ಹನಿಯೂ ಆ ಪಿಕ್ಸೆಲ್ಲನ್ನು ಬೆಳಗಿಸಿ ಹೋಗುತ್ತದೆ. ಮಳೆ ಪಿಕ್ಸೆಲ್ಲನ್ನು ಕಪ್ಪಾಗಿಸುವುದಿಲ್ಲ, ಬಿಳಿಯಾಗಿಸುತ್ತದೆ. ಅದೂ ಒಂದೇ ಫ್ರೇಮಿನಲ್ಲಿ. ಮುಂದಿನ ಫ್ರೇಮಿನ ಹೊತ್ತಿಗೆ ಹನಿ ಎಲ್ಲೋ ಹೋಗಿರುತ್ತದೆ. ಮಳೆ ಅಳಿಸುವ ವಿಧಾನಗಳೆಲ್ಲ ಹೆಚ್ಚುಕಡಿಮೆ ಈ ಎರಡು ಸಂಗತಿಗಳ ಮೇಲೆ ನಿಂತಿವೆ.

ತೀರ ಸರಳವಾದ ವಿಧಾನ ಶಾಲೆಯ ಗಣಿತದಲ್ಲಿ ನಾವು ಕಲಿತ ಮಧ್ಯಾಂಕ. ಗೋಡೆಯ ಮೇಲಿನ ಒಂದು ಪಿಕ್ಸೆಲ್ಲನ್ನು ತೆಗೆದುಕೊಂಡು ಒಂದರ ಹಿಂದೊಂದು ಬರುವ ಐದು ಫ್ರೇಮುಗಳಲ್ಲಿ ಅದರ ಬೆಳಕಿನ ಅಂಕಿಯನ್ನು ಬರೆದರೆ 62, 60, 84, 61, 63 ಎಂದು ಬಂತೆನ್ನೋಣ. ಮೂರನೇ ಫ್ರೇಮಿನಲ್ಲಿ ಹನಿ ದಾಟಿದೆ. ಸರಾಸರಿ ತೆಗೆದರೆ 66 ಬರುತ್ತದೆ. ಗೆರೆ ತೆಳುವಾಗುತ್ತದೆ, ಆದರೆ ಹೋಗುವುದಿಲ್ಲ. ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ತೆಗೆದರೆ 62. ಹನಿಯ ಸುಳಿವೇ ಇಲ್ಲ. ಪ್ರತಿ ಪಿಕ್ಸೆಲ್ಲಿಗೂ ಪ್ರತಿ ಫ್ರೇಮಿಗೂ ಹೀಗೇ ಮಾಡುತ್ತಾ ಹೋಗುವುದು. ಯಾರು ಬೇಕಾದರೂ ಬಳಸಬಹುದಾದ ffmpeg ಎಂಬ ಉಚಿತ ಪ್ರೋಗ್ರಾಮಿನಲ್ಲಿ ಇದು ಒಂದೇ ಸಾಲಿನ ಕೆಲಸ:

```
ffmpeg -i male.mp4 -vf tmedian=radius=2 out.mp4
```

`radius=2` ಎಂದರೆ ಹಿಂದೆ ಎರಡು, ಮುಂದೆ ಎರಡು, ನಡುವೆ ಒಂದು, ಒಟ್ಟು ಐದು ಫ್ರೇಮು. ಗೋಡೆ ಮೊದಲಿಗಿಂತ ಸ್ಪಷ್ಟವಾದದ್ದೂ ಇದೇ ಕಾರಣಕ್ಕೆ: ಮಂದ ಬೆಳಕಿನಲ್ಲಿ ಕ್ಯಾಮೆರಾ ತಾನೇ ಹುಟ್ಟಿಸುವ ಕಾಳುಕಾಳಾದ ಗದ್ದಲವೂ ಮಳೆಯ ಜೊತೆಗೆ ತೊಳೆದುಹೋಗಿದೆ.

ಆದರೆ ಈ ಲೆಕ್ಕದಲ್ಲಿ ಮಳೆ ಎಂಬ ಮಾತು ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಐದರಲ್ಲಿ ಮೂರು ಫ್ರೇಮು ಒಂದೇ ಜಾಗದಲ್ಲಿ ಇದ್ದದ್ದು ಉಳಿಯುತ್ತದೆ, ಇರದದ್ದು ಹೋಗುತ್ತದೆ; ಫಿಲ್ಟರಿಗೆ ಗೊತ್ತಿರುವುದು ಇಷ್ಟೇ. ಈಗ ನಡೆಯುವವರನ್ನು ಈ ಅಳತೆಗೆ ಹಿಡಿಯೋಣ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮು ತೆಗೆಯುತ್ತದೆ. ಅವರು ಸೆಕೆಂಡಿಗೆ ಒಂದು ಮೀಟರಿನಂತೆ ನಿಧಾನಕ್ಕೆ ನಡೆಯುತ್ತಿದ್ದಾರೆ, ಅಂದರೆ ಫ್ರೇಮಿಗೆ ನಾಲ್ಕು ಸೆಂಟಿಮೀಟರ್. ಮೂರು ಫ್ರೇಮಿಗೆ 12 ಸೆಂಟಿಮೀಟರ್. ನಡೆಯುವ ದಿಕ್ಕಿನಲ್ಲಿ 12 ಸೆಂಟಿಮೀಟರಿಗಿಂತ ಅಗಲವಾದದ್ದು ಉಳಿಯುತ್ತದೆ, ಅದಕ್ಕಿಂತ ಕಿರಿದಾದದ್ದು ಮಳೆಯ ಜೊತೆ ಹೋಗುತ್ತದೆ. ಪಕ್ಕದಿಂದ ನೋಡಿದ ತಲೆ ಸುಮಾರು 18 ಸೆಂಟಿಮೀಟರ್, ಹಾಗಾಗಿ ಬದುಕುತ್ತದೆ. ಎಂಟು ಸೆಂಟಿಮೀಟರಿನ ತೋಳು ಬದುಕುವುದಿಲ್ಲ. ಒಂದು ಸೆಂಟಿಮೀಟರಿನ ಕೊಡೆಯ ಕೋಲಿನ ಮಾತೇ ಇಲ್ಲ. ಕಣ್ಣು, ಕನ್ನಡಕದ ಕಾಲು, ಅಂಗಿಯ ಗೆರೆ, ಇವೆಲ್ಲ ದೊಡ್ಡ ವಸ್ತುವಿನ ಮೇಲಿನ ಸಣ್ಣ ಗುರುತುಗಳಾದ್ದರಿಂದ ಅವುಗಳ ಜಾಗಕ್ಕೆ ಅಕ್ಕಪಕ್ಕದ ಬಣ್ಣ ಬಂದು ಕೂರುತ್ತದೆ. ಎತ್ತಿದ ಕಾಲು ದೇಹಕ್ಕಿಂತ ಹಲವು ಪಟ್ಟು ವೇಗವಾಗಿ ಮುಂದಕ್ಕೆ ಬೀಸುವುದರಿಂದ ಅದೂ ಹೋಗುತ್ತದೆ. ಊರಿದ ಕಾಲು ಮಾತ್ರ ನಿಲ್ಲುತ್ತದೆ.

ಈ 12 ಸೆಂಟಿಮೀಟರ್ ಎಂಬ ಅಳತೆಯಲ್ಲಿ ಕ್ಯಾಮೆರಾದ ಪಿಕ್ಸೆಲ್ ಸಂಖ್ಯೆ ಸೇರಿಲ್ಲ. ದುಬಾರಿ ಕ್ಯಾಮೆರಾ ತಂದು ಎರಡು ಪಟ್ಟು ಪಿಕ್ಸೆಲ್ ಹಾಕಿದರೂ ಕೋಲು ವಾಪಸು ಬರುವುದಿಲ್ಲ. ವಸ್ತುವಿನ ವೇಗ, ಫ್ರೇಮುಗಳ ನಡುವಿನ ಸಮಯ, ಇವೆರಡೇ ಇಲ್ಲಿ ತೀರ್ಪು ಕೊಡುವುದು. ಅದೇ ಅಂಗಳದ ಆಚೆಯ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಸ್ಕೂಟರ್ ಹೋದರೆ ಮಿತಿ ಒಂದು ಮೀಟರಿಗೆ ಏರುತ್ತದೆ. ಸ್ಕೂಟರಿನ ಮಸಕು ಆಕಾರ ಉಳಿಯಬಹುದು, ಸವಾರರ ಮುಖ ಉಳಿಯದು.

ಹಾಗಾದರೆ ಕಳೆದುಹೋದದ್ದನ್ನು ಪತ್ತೆಹಚ್ಚುವುದು ಹೇಗೆ? ಅಳಿಸಿದ ವಿಡಿಯೊವನ್ನಷ್ಟೇ ನೋಡಿದರೆ ಮೋಸಹೋಗುತ್ತೇವೆ, ಏಕೆಂದರೆ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಮೂಲ ಫ್ರೇಮಿನಿಂದ ಅದೇ ಕ್ಷಣದ ಅಳಿಸಿದ ಫ್ರೇಮನ್ನು ಕಳೆದು, ಉಳಿದ ವ್ಯತ್ಯಾಸವನ್ನು ಎಂಟೋ ಹತ್ತೋ ಪಟ್ಟು ಹೆಚ್ಚಿಸಿ ನೋಡಬೇಕು. ಆ ಚಿತ್ರದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಒಂದೇ ಕಡೆಗೆ ವಾಲಿದ ಬಿಳಿ ಗೆರೆಗಳಷ್ಟೇ ಇದ್ದರೆ ಹೋದದ್ದು ಮಳೆ. ಅಲ್ಲಿ ಕೈಯೊಂದರ ಆಕಾರ, ಅಡಿಕೆ ಸೋಗೆಯ ಎಳೆಗಳು, ಹಾರುವ ಹಕ್ಕಿಯ ರೆಕ್ಕೆ ಕಂಡರೆ ಅವೂ ಕಸದ ಬುಟ್ಟಿಗೆ ಹೋದವು ಎಂದರ್ಥ. ಎರಡೂ ಫ್ರೇಮು ಒಂದೇ ಕ್ಷಣದ್ದಾಗಿರಬೇಕು ಎಂಬುದು ಮುಖ್ಯ. ಐದು ಫ್ರೇಮಿನ ಫಿಲ್ಟರಿನ ಫಲಿತ ನಡುವಿನ ಫ್ರೇಮಿಗೆ ಸೇರಿದ್ದು. ಅದನ್ನು ಮೊದಲ ಫ್ರೇಮಿನೊಡನೆ ಹೋಲಿಸಿದರೆ ಚಲಿಸುವುದೆಲ್ಲ ಸುಳ್ಳು ವ್ಯತ್ಯಾಸವಾಗಿ ತೋರುತ್ತದೆ. ಮಳೆಯ ವಿಡಿಯೊ ಅಳಿಸುವವರು ಈ ಒಂದು ಪರೀಕ್ಷೆಯನ್ನು ತಪ್ಪಿಸಲೇಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ, ಅದರಲ್ಲೂ ಆ ವಿಡಿಯೊ ಒಂದು ಅಪಘಾತದ್ದೋ ಕಳವಿನದ್ದೋ ಆಗಿದ್ದಾಗ.

ನಷ್ಟ ತಗ್ಗಿಸಲು ಗರ್ಗ್ ಮತ್ತು ನಾಯರ್ ಹಿಡಿದ ದಾರಿ ಬೇರೆ. ಎಲ್ಲ ಪಿಕ್ಸೆಲ್ಲನ್ನೂ ಮುಟ್ಟುವ ಬದಲು ಮೊದಲು ಮಳೆ ಬಿದ್ದ ಪಿಕ್ಸೆಲ್ ಯಾವುದೆಂದು ಹುಡುಕಿ, ಅಷ್ಟನ್ನೇ ಸರಿಪಡಿಸುವುದು. ಒಂದು ಪಿಕ್ಸೆಲ್ ಹಿಂದಿನ ಫ್ರೇಮಿಗಿಂತಲೂ ಮುಂದಿನ ಫ್ರೇಮಿಗಿಂತಲೂ ಒಂದೇ ಪ್ರಮಾಣದಲ್ಲಿ ಬೆಳಕಾಗಿದ್ದರೆ ಅದು ಅನುಮಾನಕ್ಕೆ ಒಳಗಾಗುತ್ತದೆ. ಕೊಡೆಯ ಕಪ್ಪು ಕೋಲು ತಿಳಿಬಣ್ಣದ ಗೋಡೆಯ ಮುಂದೆ ಹಾದುಹೋದರೆ ಪಿಕ್ಸೆಲ್ ಕಪ್ಪಾಗುತ್ತದೆಯೇ ಹೊರತು ಬೆಳಗುವುದಿಲ್ಲ. ಆದ್ದರಿಂದ ಅದು ಇಲ್ಲೇ ಪಾರು. ಆದರೆ ಕೋಲು ಹೊಳೆಯುವ ಸ್ಟೀಲಿನದಾಗಿದ್ದರೆ?

ಅದಕ್ಕೆ ಎರಡನೇ ಪರೀಕ್ಷೆ ಇದೆ, ಇಡೀ ವಿಧಾನದಲ್ಲಿ ನನಗೆ ಅತಿ ಸೊಗಸಾಗಿ ಕಾಣುವುದೂ ಇದೇ. ಹನಿ ಒಂದು ಬಿಂದುವಿನ ಮುಂದೆ ನಿಲ್ಲುವುದು ತೀರ ಕಡಿಮೆ ಹೊತ್ತು ಎಂದೆವಲ್ಲ. ಆದ್ದರಿಂದ ಗೆರೆಯ ಹಿಂದಿನ ಗೋಡೆ ಹೆಚ್ಚೂಕಡಿಮೆ ಪೂರ್ತಿಯಾಗಿ ತೋರುತ್ತಲೇ ಇರುತ್ತದೆ. ಕಲ್ಲಿನ ಸಂದು ಗೆರೆಯ ಒಳಗೂ ಸಂದಾಗಿಯೇ ಕಾಣುತ್ತದೆ, ತುಸು ಬೆಳ್ಳಗಾಗಿ. ಸ್ಟೀಲಿನ ಕೋಲು ಹಾಗಲ್ಲ, ಹಿಂದಿರುವುದನ್ನು ಮರೆಮಾಡುತ್ತದೆ. ಅನುಮಾನದ ಗೆರೆಯ ಉದ್ದಕ್ಕೂ ಬೆಳಕು ಎಷ್ಟು ಏರಿತು, ಹಿಂದಿನ ಗೋಡೆ ಎಲ್ಲೆಲ್ಲಿ ಎಷ್ಟು ಬೆಳಕಾಗಿತ್ತು ಎಂದು ಒಂದರ ಪಕ್ಕ ಒಂದು ಇಟ್ಟರೆ ಎರಡೂ ಬೇರೆಯಾಗಿ ನಿಲ್ಲುತ್ತವೆ. ಮಳೆ ಎಂದು ಖಚಿತವಾದ ಪಿಕ್ಸೆಲ್ಲಿಗೆ ಮಾತ್ರ ಹಿಂದಿನ ಮತ್ತು ಮುಂದಿನ ಫ್ರೇಮಿನ ಸರಾಸರಿ ತುಂಬುತ್ತಾರೆ. ಇಷ್ಟಾದರೂ ಗಾಳಿಗೆ ಒದ್ದಾಡುವ ಎಲೆಗಳ ರಾಶಿಯ ಮೇಲೆ ಬಿದ್ದ ಹನಿಯನ್ನು ಇದು ನಂಬುವಂತೆ ಬೇರ್ಪಡಿಸಲಾರದು, ಏಕೆಂದರೆ ಅಲ್ಲಿ ಅಕ್ಕಪಕ್ಕದ ಫ್ರೇಮುಗಳೇ ಒಂದಕ್ಕೊಂದು ಹೋಲುವುದಿಲ್ಲ. ಕೈಯಲ್ಲಿ ಹಿಡಿದು ತೆಗೆದ ವಿಡಿಯೊದಲ್ಲೂ ಇದೇ ತೊಡಕು. ಮೊದಲು ಫ್ರೇಮುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿಕೊಳ್ಳದೆ ಮುಂದುವರಿಯಲಾಗದು.

ಇನ್ನೂ ಶೂಟ್ ಮಾಡಿಲ್ಲ ಎಂದಾದರೆ ಕೆಲಸ ಸುಲಭ. ಶಟರಿನ ಹೊತ್ತು ಹೆಚ್ಚಿದಷ್ಟೂ ಗೆರೆ ಉದ್ದವಾಗಿ, ತೆಳುವಾಗಿ, ಕೊನೆಗೆ ಹಿನ್ನೆಲೆಯಲ್ಲಿ ಕರಗುತ್ತದೆ. ಫೋನು ಆಟೋದಲ್ಲಿದ್ದು ಶಟರ್ ಐನೂರನೇ ಒಂದಕ್ಕೆ ಇಳಿದರೆ ಗೆರೆ ಒಂದೂಕಾಲು ಸೆಂಟಿಮೀಟರಿನ ಬಿಳಿ ಮೊಳೆಗಳಂತೆ ಎದ್ದು ನಿಲ್ಲುತ್ತದೆ. ಅದನ್ನು ಐವತ್ತನೇ ಒಂದಕ್ಕೆ ಕೈಯಾರೆ ನಿಲ್ಲಿಸಿದರೆ ನಡೆಯುವವರ ಚಿತ್ರ ಎರಡು ಸೆಂಟಿಮೀಟರಿನಷ್ಟು ಮಸುಕಾಗುತ್ತದೆ, ನಿಜ. ಆದರೆ ಫಿಲ್ಟರ್ ಕಸಿಯುವ 12ರ ಮುಂದೆ ಎರಡು ಯಾವ ಲೆಕ್ಕ. ಬೆಳಕು ಹೆಚ್ಚಾಯಿತೆಂದು ಲೆನ್ಸಿನ ಬಾಯಿ ಕಿರಿದು ಮಾಡಬಾರದು. ಹಾಗೆ ಮಾಡಿದರೆ ಹತ್ತಿರದ ಹನಿಗಳೂ ಫೋಕಸಿಗೆ ಬಂದು ಗೆರೆ ಹೆಚ್ಚುತ್ತದೆ. ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಗಾಜು ಹಾಕುವುದು ಮೇಲು. ಜೊತೆಗೆ ಸೆಕೆಂಡಿಗೆ 50 ಫ್ರೇಮು ಇಟ್ಟುಕೊಂಡರೆ ಐದು ಫ್ರೇಮಿನ ಫಿಲ್ಟರಿನ ಮಿತಿ ಆರು ಸೆಂಟಿಮೀಟರಿಗೆ ಇಳಿದು ತೋಳು ಉಳಿದುಕೊಳ್ಳುತ್ತದೆ. ಹನಿ ಆಗಲೂ ಒಂದು ಬಿಂದುವಿನಲ್ಲಿ ಒಂದೇ ಫ್ರೇಮಿಗೆ ಸಿಗುವುದರಿಂದ ಮಳೆ ಅಳಿಸಲು ಏನೂ ತೊಂದರೆಯಿಲ್ಲ.

ಇದ್ಯಾವುದಕ್ಕೂ ಬಗ್ಗದ ಮಳೆಯೂ ಒಂದಿದೆ. ಕ್ಯಾಮೆರಾದಿಂದ ದೂರದಲ್ಲಿ ಬೀಳುವ ಹನಿಗಳು ಪಿಕ್ಸೆಲ್ಲಿಗಿಂತ ಸಣ್ಣವಾಗಿ, ಒಂದೊಂದು ಪಿಕ್ಸೆಲ್ಲಿನಲ್ಲೂ ಎಷ್ಟೋ ಹನಿ ಸೇರಿ, ಎಲ್ಲ ಫ್ರೇಮಿನಲ್ಲೂ ಒಂದೇ ಸಮನಾದ ಬಿಳಿ ಪರದೆಯಾಗುತ್ತವೆ. ಆಗುಂಬೆಯ ಕಣಿವೆಯ ಆಚೆಯ ಗುಡ್ಡ ಜುಲೈಯಲ್ಲಿ ಮಾಸಿಹೋಗಿ ಕಾಣುವುದು ಹೀಗೆ. ಐದೂ ಫ್ರೇಮಿನಲ್ಲಿ ಅದೇ ಅಂಕಿ ಇದ್ದಾಗ ಮಧ್ಯಾಂಕವೂ ಅದೇ. ಆ ಪರದೆ ತೆಗೆಯಬೇಕಾದರೆ ಮಂಜು ತೆಗೆಯುವ ವಿಧಾನಗಳತ್ತ ಹೋಗಬೇಕು; ಅವು ಸಮಯವನ್ನಲ್ಲ, ದೂರವನ್ನು ಅಳೆದು ಕೆಲಸ ಮಾಡುತ್ತವೆ.